ಅರ್ಥವಾಯಿತು ಎಂದುಕೊಂಡ ಮೇಲ್

ಜನವರಿಯ ಒಂದು ಮಂಗಳವಾರ ಸಂಜೆ ಏಳು ಗಂಟೆಗೆ, ಬೆಂಗಳೂರಿನ ನಮ್ಮ ಆಫೀಸಿನಿಂದ ಹೊರಡುವ ಗಡಿಬಿಡಿಯಲ್ಲಿ, ಪೋಲೆಂಡಿನ ಕ್ರಾಕೋವ್ ನಗರದಲ್ಲಿದ್ದ ಸಹೋದ್ಯೋಗಿಯೊಬ್ಬರಿಗೆ ಎರಡು ಸಾಲಿನ ಮೇಲ್ ಕಳಿಸಿದೆ. ಅವರು ಬರೆದ ಹೊಸ ಕೋಡ್ ಅಂದು ಬೆಳಿಗ್ಗೆಯಷ್ಟೇ ಸೇರ್ಪಡೆಯಾಗಿತ್ತು. ಲಾಗಿನ್ ಆದವರು ಸ್ವಲ್ಪ ಹೊತ್ತು ಏನೂ ಮಾಡದೆ ಸುಮ್ಮನಿದ್ದರೆ ಅವರನ್ನು ತಾನಾಗಿ ಹೊರಗೆ ಕಳಿಸುವ ವ್ಯವಸ್ಥೆ ಅದು. ಆ ‘ಸ್ವಲ್ಪ ಹೊತ್ತು’ ಹದಿನೈದು ನಿಮಿಷವೋ ಮೂವತ್ತು ನಿಮಿಷವೋ ಎನ್ನುವುದು ನನಗೆ ತಿಳಿಯಬೇಕಿತ್ತು, ಅಷ್ಟೇ. ನಾನು ಬರೆದದ್ದು ಇದು: ‘ಐ ಹ್ಯಾವ್ ಎ ಡೌಟ್ ಅಬೌಟ್ ದಿ ಲಾಗಿನ್ ಚೇಂಜ್. ಪ್ಲೀಸ್ ರಿವರ್ಟ್ ಬೈ ಇಓಡಿ.’

ಬೆಂಗಳೂರಿನಲ್ಲಿ ಯಾರೇ ಈ ಮೇಲ್ ಓದಿದರೂ, ಲಾಗಿನ್ ಬಗ್ಗೆ ಇವರಿಗೆ ಏನೋ ಕೇಳುವುದಿದೆ, ಇವತ್ತೇ ಉತ್ತರ ಬೇಕಂತೆ ಎಂದು ತಿಳಿಯುತ್ತಾರೆ. ನಮಗೆ ಡೌಟು ಎಂದರೆ ಪ್ರಶ್ನೆ. ಶಾಲೆಯಲ್ಲಿ ಟೀಚರನ್ನು ಡೌಟು ಕೇಳುತ್ತೇವೆ, ಟ್ಯೂಷನ್ನಿನಲ್ಲಿ ಡೌಟು ಕ್ಲಿಯರ್ ಮಾಡಿಕೊಳ್ಳುತ್ತೇವೆ. ಆ ಪದದಲ್ಲಿ ಅನುಮಾನದ ವಾಸನೆಯೇ ಇಲ್ಲ. ರಿವರ್ಟ್ ಎಂದರೆ ಮರಳಿ ಬರೆಯುವುದು. ಬ್ಯಾಂಕು, ಕಚೇರಿ, ಗುತ್ತಿಗೆದಾರರು ಎಲ್ಲರೂ ‘ರಿವರ್ಟ್ ಮಾಡಿ’ ಎಂದೇ ಮೇಲ್ ಮುಗಿಸುತ್ತಾರೆ.

ಕ್ರಾಕೋವ್‌ನವರು ಕಲಿತ ಇಂಗ್ಲಿಷಿನಲ್ಲಿ ಡೌಟ್ ಎಂದರೆ ನಂಬಿಕೆ ಇಲ್ಲದಿರುವುದು. ರಿವರ್ಟ್ ಎನ್ನುವುದಕ್ಕೆ ಅವರ ಕಸುಬಿನಲ್ಲಿ ಇನ್ನೂ ಖಚಿತವಾದ ಅರ್ಥವಿದೆ. ದಿನವೂ ಅವರು ಬಳಸುವ ಗಿಟ್ ಎಂಬ ತಂತ್ರಾಂಶದಲ್ಲಿ `git revert` ಎಂದು ಬರೆದರೆ, ಹಿಂದೆ ಸೇರಿಸಿದ ಒಂದು ಬದಲಾವಣೆಯನ್ನು ರದ್ದು ಮಾಡುವ ಹೊಸ ಬದಲಾವಣೆಯೊಂದು ಸೇರುತ್ತದೆ. ಹಾಗಾಗಿ ನನ್ನ ಮೇಲ್ ಅವರಿಗೆ ಕಂಡದ್ದು ಹೀಗೆ: ‘ಲಾಗಿನ್ ಬದಲಾವಣೆ ಸರಿಯಿದೆ ಅಂತ ನನಗೆ ಅನ್ನಿಸುತ್ತಿಲ್ಲ. ಇವತ್ತು ಕೆಲಸ ಮುಗಿಯುವುದರೊಳಗೆ ದಯವಿಟ್ಟು ಅದನ್ನು ತೆಗೆದುಹಾಕಿ.’ ಅವರು ಪ್ರಾಮಾಣಿಕ ಕೆಲಸಗಾರ. ಸಂಜೆ ನಾಲ್ಕೂವರೆಗೆ, ಅಂದರೆ ನಮ್ಮ ರಾತ್ರಿ ಒಂಬತ್ತಕ್ಕೆ, ತೆಗೆದುಹಾಕಿದರು.

ಒಂದೂವರೆ ಗಂಟೆಯ ನಂತರ, ನಮ್ಮ ರಾತ್ರಿ ಹತ್ತೂವರೆಗೆ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಬೆಳಿಗ್ಗೆ ಒಂಬತ್ತಾಯಿತು. ಅಲ್ಲಿನ ಟೆಸ್ಟಿಂಗ್ ತಂಡ ಕೆಲಸ ಶುರು ಮಾಡಿತು. ಬದಲಾವಣೆಯೇ ಇಲ್ಲದ ಹಳೆಯ ಕೋಡನ್ನು ದಿನವಿಡೀ ಪರೀಕ್ಷಿಸಿ, ಇದು ಕೆಲಸ ಮಾಡುತ್ತಿಲ್ಲ ಎಂದು ವರದಿ ಬರೆದು ಮನೆಗೆ ಹೋಯಿತು. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ವರದಿ ತೆರೆದಾಗ ತಲೆಬುಡ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಹುಡುಗ ದಾಖಲೆ ನೋಡಿ ಹೇಳಿದ: “ಮೇಡಂ, ಅವರು ಕೋಡ್ ವಾಪಸ್ ತೆಗೆದಿದ್ದಾರೆ. ಕಾರಣ ಅಂತ ನಿಮ್ಮ ಹೆಸರೇ ಬರೆದಿದ್ದಾರಲ್ಲ?” ಆಗ ಕ್ರಾಕೋವ್‌ನಲ್ಲಿ ಬೆಳಗಿನ ಐದು ಗಂಟೆ. ಅವರು ಆಫೀಸಿಗೆ ಬಂದದ್ದು ನಮ್ಮ ಮಧ್ಯಾಹ್ನ ಒಂದೂವರೆಗೆ. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಮರಳಿ ಸೇರಿಸಿದರು. ಆದರೆ ಸ್ಯಾನ್ ಹೋಸೆಯಲ್ಲಿ ಆಗ ನಡುರಾತ್ರಿ ಕಳೆದಿತ್ತು. ಬುಧವಾರ ಬೆಳಿಗ್ಗೆ ಸಿಗಬೇಕಿದ್ದ ಫಲಿತಾಂಶ ಗುರುವಾರ ಬೆಳಿಗ್ಗೆ ಸಿಕ್ಕಿತು. ಇದೇ ಮೇಲನ್ನು ನಾನು ಶುಕ್ರವಾರ ಸಂಜೆ ಕಳಿಸಿದ್ದರೆ ಶನಿವಾರ ಬರಬೇಕಿದ್ದ ಫಲಿತಾಂಶ ಮಂಗಳವಾರ ಬರುತ್ತಿತ್ತು.

ಆ ದಿನದಿಂದ ನಾನು ಪರದೇಶಕ್ಕೆ ಹೋಗುವ ಮೇಲ್‌ಗಳನ್ನು ಬೇರೆ ಕಣ್ಣಿನಿಂದ ಓದುತ್ತೇನೆ. ನುಡಿಗಟ್ಟು ಬಳಸಬೇಡಿ ಎಂಬ ಬುದ್ಧಿಮಾತನ್ನು ಆಫೀಸಿನ ತರಬೇತಿಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಅಲ್ಲಿ ಕೊಡುವ ಉದಾಹರಣೆ ಯಾವಾಗಲೂ ಬೆಕ್ಕು ನಾಯಿಗಳ ಮಳೆಯದ್ದು. ಅಂಥ ನುಡಿಗಟ್ಟು ಯಾರನ್ನೂ ಹಾಳು ಮಾಡುವುದಿಲ್ಲ. ಆಕಾಶದಿಂದ ನಾಯಿ ಬೀಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಓದಿದವರು ತಕ್ಷಣ ನಿಂತು, ಹಾಗೆಂದರೇನು ಎಂದು ಕೇಳುತ್ತಾರೆ, ಇಲ್ಲವೇ ಹುಡುಕಿ ನೋಡುತ್ತಾರೆ. ಅರ್ಥವಾಗದ ಮಾತಿನಿಂದ ಆಗುವ ನಷ್ಟ ಸಣ್ಣದು. ನನ್ನ ಮೇಲ್ ಅರ್ಥವಾಗಿತ್ತು. ಚೆನ್ನಾಗಿ, ಪೂರ್ತಿಯಾಗಿ, ಒಂದೂ ಅನುಮಾನ ಉಳಿಯದಂತೆ ಬೇರೆ ಅರ್ಥವಾಗಿತ್ತು. ಅದಕ್ಕೇ ಯಾರೂ ನಿಲ್ಲಲಿಲ್ಲ, ಯಾರೂ ಕೇಳಲಿಲ್ಲ.

ಇದನ್ನು ಕನ್ನಡದಲ್ಲೇ ನೋಡಬಹುದು. ‘ನನ್ನ ತಲೆ ತಿನ್ನಬೇಡ’ ಎನ್ನುವುದನ್ನು ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದರೆ ಕೇಳಿದವರು ಬೆಚ್ಚಿಬೀಳುತ್ತಾರೆ, ಆದರೆ ಇದು ನುಡಿಗಟ್ಟು ಎಂದು ಊಹಿಸುತ್ತಾರೆ. ‘ಅವನು ಕೈ ಕೊಟ್ಟ’ ಎನ್ನುವುದನ್ನು ಹಾಗೇ ಇಳಿಸಿದರೋ? ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಕೊನೆಯ ಗಳಿಗೆಯಲ್ಲಿ ನಮ್ಮನ್ನು ನಡುನೀರಿನಲ್ಲಿ ಬಿಟ್ಟುಹೋದವನಿಗೆ ಆ ಕಡೆಯವರು ಧನ್ಯವಾದ ಹೇಳಿ ಮೇಲ್ ಬರೆದರೂ ಆಶ್ಚರ್ಯವಿಲ್ಲ. ಅಪಾಯವಿರುವುದು ಇಂಥ ಮಾತುಗಳಲ್ಲಿ. ಇವು ನುಡಿಗಟ್ಟಿನ ವೇಷದಲ್ಲಿ ಬರುವುದಿಲ್ಲ, ಸಾದಾ ಮಾತಿನಂತೆಯೇ ಬರುತ್ತವೆ.

ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವವರ ನಡುವೆಯೂ ಇದು ಆಗುತ್ತದೆ. ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟನ್ನಿನಲ್ಲಿ ಅದನ್ನು ಈಗಲೇ ಚರ್ಚೆಗೆ ಇಡುವುದು. ಅಮೆರಿಕದಲ್ಲಿ ಅದನ್ನು ಸದ್ಯಕ್ಕೆ ಬದಿಗಿಡುವುದು. ಎರಡನೆಯ ಮಹಾಯುದ್ಧದ ಬಗ್ಗೆ ವಿನ್‌ಸ್ಟನ್ ಚರ್ಚಿಲ್ ಬರೆದ ಗ್ರಂಥದಲ್ಲಿ ಈ ಒಂದು ಪದದಿಂದ ಎರಡು ದೇಶಗಳ ಅಧಿಕಾರಿಗಳ ಮಧ್ಯೆ ಎದ್ದ ಜಗಳದ ಪ್ರಸಂಗವಿದೆ. ಬ್ರಿಟಿಷರು ಒಂದು ಪತ್ರವನ್ನು ತುರ್ತಾಗಿ ಟೇಬಲ್ ಮಾಡೋಣ ಎನ್ನುತ್ತಿದ್ದರು, ಅಮೆರಿಕನ್ನರು ಅದು ಮುಖ್ಯವಾದದ್ದು, ಟೇಬಲ್ ಮಾಡಲು ಬಿಡುವುದಿಲ್ಲ ಎನ್ನುತ್ತಿದ್ದರು. ಇಬ್ಬರ ಬೇಡಿಕೆಯೂ ಒಂದೇ ಎಂದು ತಿಳಿಯುವಷ್ಟರಲ್ಲಿ ದೀರ್ಘ ವಾಗ್ವಾದ ಆಗಿಹೋಗಿತ್ತು. ಅವರು ಒಂದೇ ಕೋಣೆಯಲ್ಲಿ ಕೂತಿದ್ದರು, ಹಾಗಾಗಿ ಗಂಟೆಗಳಲ್ಲಿ ಬಗೆಹರಿಯಿತು. ಮೇಲ್‌ನಲ್ಲಿ ಆಗಿದ್ದರೆ ಎಷ್ಟು ದಿನ ಹಿಡಿಯುತ್ತಿತ್ತೋ.

ಇನ್ನೊಂದು ಪ್ರಸಂಗ ನೆನೆದರೆ ಮನಸ್ಸು ಭಾರವಾಗುತ್ತದೆ. 1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್‌ಜಿನ್ ನದಿಯ ಬಳಿ ಬ್ರಿಟನ್ನಿನ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ನನ್ನು ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಚೀನೀ ಸೇನೆ ಸುತ್ತುವರಿದಿತ್ತು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರಾಡಿಯವರು ತಮ್ಮ ಮೇಲಧಿಕಾರಿಯಾದ ಅಮೆರಿಕನ್ ಜನರಲ್ ರಾಬರ್ಟ್ ಸೂಲ್‌ರಿಗೆ ಪರಿಸ್ಥಿತಿ ತಿಳಿಸುತ್ತಾ ‘ಎ ಬಿಟ್ ಸ್ಟಿಕ್ಕಿ’, ಅಂದರೆ ಸ್ವಲ್ಪ ಅಂಟಂಟಾಗಿದೆ, ಎಂದರೆಂದು ಆ ಯುದ್ಧದ ಕಥನಗಳಲ್ಲಿ ಬರುತ್ತದೆ. ಬ್ರಿಟಿಷ್ ಸೈನಿಕ ಅಧಿಕಾರಿಯ ಬಾಯಲ್ಲಿ ಆ ಮಾತಿನ ಅರ್ಥ, ಸರ್ವನಾಶ ಎದುರಿಗಿದೆ ಎಂದು. ಅಮೆರಿಕನ್ನರ ಕಿವಿಯಲ್ಲಿ ಅದು, ಕಷ್ಟವಿದೆ ಆದರೆ ನಿಭಾಯಿಸುತ್ತಿದ್ದೇವೆ ಎಂಬಂತೆ ಕೇಳಿಸಿತು. ಬೆಟಾಲಿಯನ್ ತನ್ನ ಜಾಗದಲ್ಲೇ ಉಳಿಯಿತು. ಕೊನೆಗೆ ಐನೂರಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ಅದಕ್ಕೆ ಆ ಒಂದು ಮಾತೇ ಕಾರಣ ಎನ್ನಲಾಗದು, ಯುದ್ಧಭೂಮಿಯಲ್ಲಿ ಬೇರೆ ಎಷ್ಟೋ ಸಂಗತಿಗಳಿದ್ದವು. ಆದರೆ ನೆರವು ಬೇಕೇಬೇಕು ಎಂದು ಹೇಳಬೇಕಾದ ಕಡೆ ‘ಸ್ವಲ್ಪ’ ಎಂಬ ಪದ ಬಂದಿತ್ತು, ಮತ್ತು ಕೇಳಿದವರು ಅದನ್ನು ಸ್ವಲ್ಪ ಎಂದೇ ತಿಳಿದರು. ನಮ್ಮ ಸರ್ವರ್ ಪೂರ್ತಿ ನಿಂತುಹೋದಾಗ ‘ಸಣ್ಣ ಇಶ್ಯೂ ಇದೆ’ ಎಂದು ಬರೆಯುವ ಅಭ್ಯಾಸ ನನಗೂ ಇತ್ತು. ಈ ಕಥೆ ಓದಿದ ಮೇಲೆ ಬಿಟ್ಟೆ. ಈಗ ಎಷ್ಟು ಜನರಿಗೆ ತೊಂದರೆಯಾಗಿದೆ, ಎಷ್ಟು ಹೊತ್ತಿನಿಂದ ಎಂದು ಬರೆಯುತ್ತೇನೆ.

ಪದಗಳ ವಿಷಯ ಇಷ್ಟಾದರೆ, ದನಿಯ ವಿಷಯ ಇನ್ನೂ ಸೂಕ್ಷ್ಮ. ‘ಭಾರಿ ಕೆಲಸ ಮಾಡಿದ್ದೀಯ ಬಿಡಪ್ಪ’ ಎಂಬ ಮಾತು ಹೊಗಳಿಕೆಯೋ ಚುಚ್ಚುಮಾತೋ ಎಂದು ಕನ್ನಡಿಗರಾದ ನಮಗೆ ಹೇಗೆ ತಿಳಿಯುತ್ತದೆ? ‘ಭಾರಿ’ಯ ಮೊದಲ ಅಕ್ಷರವನ್ನು ಎಷ್ಟು ಎಳೆದರು, ‘ಬಿಡಪ್ಪ’ ಅನ್ನುವಾಗ ಮುಖ ಯಾವ ಕಡೆ ತಿರುಗಿತ್ತು, ಅದರಿಂದ. ವ್ಯಂಗ್ಯ ಇರುವುದು ಆ ಎಳೆತದಲ್ಲಿ. ಬರೆದ ಕೂಡಲೇ ಎಳೆತ ಕಳೆದುಹೋಗುತ್ತದೆ, ಕಾಗದದ ಮೇಲೆ ಹೊಗಳಿಕೆ ಮಾತ್ರ ಉಳಿಯುತ್ತದೆ. ಅಥವಾ ಇದಕ್ಕಿಂತ ಕೆಟ್ಟದಾಗಿ, ನಿಜವಾದ ಹೊಗಳಿಕೆಯೇ ಚುಚ್ಚುಮಾತಾಗಿ ಕಾಣುತ್ತದೆ.

ವಿಚಿತ್ರವೆಂದರೆ ಬರೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಅಳೆದು ತೋರಿಸಿತು. ಅದರಲ್ಲಿ ಭಾಗವಹಿಸಿದವರು ಕೆಲವು ವಾಕ್ಯಗಳನ್ನು ಗಂಭೀರವಾಗಿಯೂ ಕೆಲವನ್ನು ವ್ಯಂಗ್ಯವಾಗಿಯೂ ಇನ್ನೊಬ್ಬರಿಗೆ ತಲುಪಿಸಬೇಕಿತ್ತು, ಕೆಲವರು ದನಿಯಲ್ಲಿ, ಕೆಲವರು ಇಮೇಲ್‌ನಲ್ಲಿ. ಕೇಳಿದವರು ಎಷ್ಟನ್ನು ಸರಿಯಾಗಿ ಗುರುತಿಸುತ್ತಾರೆ ಎಂದು ಕಳಿಸುವವರನ್ನೇ ಮೊದಲು ಅಂದಾಜು ಕೇಳಿದರು. ದನಿಯಾಗಲಿ ಮೇಲ್ ಆಗಲಿ, ನೂರಕ್ಕೆ ಸುಮಾರು 78 ಎಂದರು. ದನಿಯಲ್ಲಿ ಕೇಳಿದವರು ನೂರಕ್ಕೆ ಸುಮಾರು 73ನ್ನು ಗುರುತಿಸಿದರು, ಅಂದಾಜಿಗೆ ಹತ್ತಿರವೇ. ಮೇಲ್ ಓದಿದವರು ಗುರುತಿಸಿದ್ದು ಸುಮಾರು 56 ಮಾತ್ರ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಐವತ್ತು ಸರಿಯಾಗುತ್ತವೆ.

ಯಾಕೆ ಹೀಗೆ? ಇದಕ್ಕೂ ಮುಂಚೆ, 1990ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಮಾಡಿದ ಪ್ರಯೋಗವೊಂದನ್ನು ಮನೆಯಲ್ಲೇ ಮಾಡಿನೋಡಬಹುದು. ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು, ನಮ್ಮ ನಾಡಗೀತೆಯನ್ನೇ ತೆಗೆದುಕೊಳ್ಳಿ, ಬಾಯಿ ಬಿಡದೆ ಮೇಜಿನ ಮೇಲೆ ಬೆರಳಿನಿಂದ ತಟ್ಟಿ, ಎದುರಿಗಿರುವವರಿಗೆ ಯಾವ ಹಾಡೆಂದು ಊಹಿಸಲು ಹೇಳಿ. ತಟ್ಟುವವರ ತಲೆಯೊಳಗೆ ಪೂರ್ತಿ ಹಾಡು, ರಾಗ, ಸಾಹಿತ್ಯ ಎಲ್ಲ ಕೇಳುತ್ತಿರುತ್ತದೆ. ಎದುರಿಗಿರುವವರಿಗೆ ಬರೀ ಟಕ್ ಟಕ್. ನ್ಯೂಟನ್ ಪ್ರಯೋಗದಲ್ಲಿ ತಟ್ಟಿದವರು ಅರ್ಧದಷ್ಟು ಹಾಡುಗಳನ್ನು ಗುರುತಿಸುತ್ತಾರೆ ಎಂದುಕೊಂಡಿದ್ದರು. ತಟ್ಟಿದ 120 ಹಾಡುಗಳಲ್ಲಿ ಕೇಳಿದವರಿಗೆ ಗೊತ್ತಾದದ್ದು ಮೂರು. ಮೇಲ್ ಬರೆಯುವಾಗ ನಮ್ಮ ದನಿ ನಮಗೆ ಕೇಳುತ್ತಿರುತ್ತದೆ. ಅದು ಪರದೆಯ ಮೇಲೂ ಇದೆ ಎಂದೇ ನಾವು ನಂಬುತ್ತೇವೆ. ಇದು ಅಜಾಗರೂಕತೆಯಲ್ಲ, ಎಷ್ಟೇ ಎಚ್ಚರದಿಂದ ಬರೆದರೂ ಆ ಹಾಡು ನಮ್ಮ ಕಿವಿಯಲ್ಲಿ ನಿಲ್ಲುವುದಿಲ್ಲ.

ಹಾಸ್ಯಕ್ಕೆ ಗುರುತು ಹಾಕಿದರಾಯಿತಲ್ಲ ಎಂದು ಯೋಚಿಸಿದವರಿದ್ದಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಒಂದು ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ ಎಂಬರ್ಥದ ತಮಾಷೆಯ ಸಂದೇಶವನ್ನು ಕೆಲವರು ನಿಜವೆಂದು ನಂಬಿದ ಮೇಲೆ, 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ `:-)` ಗುರುತನ್ನು ತಮಾಷೆಯ ಸಂಕೇತವಾಗಿ ಬಳಸೋಣ ಎಂದು ಸೂಚಿಸಿದರು. ಇಂದಿನ ಅನೇಕ ನಗುಮುಖಗಳ ಹಿಂದೆ ಆ ಸಂದೇಶವಿದೆ. ಅದರಿಂದ ಸ್ವಲ್ಪ ಉಪಯೋಗವಿದೆ, ನಿಜ. ಆದರೆ ನಗುಮುಖ ಹೇಳುವುದು ‘ಇದು ತಮಾಷೆ’ ಎಂದಷ್ಟೇ. ಯಾರ ಬಗ್ಗೆ ತಮಾಷೆ, ಏಕೆ ಎಂದು ಅದು ಹೇಳುವುದಿಲ್ಲ. ತಪ್ಪು ತೋರಿಸಿದ ವಾಕ್ಯದ ಕೊನೆಯಲ್ಲಿ ಬಂದರೆ ಗೇಲಿಯಂತೆಯೂ ಕಾಣುತ್ತದೆ.

ನಮ್ಮ ಟೀಮಿನ ಹುಡುಗನೊಬ್ಬ ಒಂದು ಶುಕ್ರವಾರ ಸಂಜೆ ಆರೂವರೆಗೆ ಜಪಾನಿನ ಒಸಾಕಾದ ನಿರ್ವಹಣಾ ತಂಡಕ್ಕೆ ಬರೆದ ಮೇಲ್ ನೆನಪಾಗುತ್ತದೆ. ಸತತ ಮೂರು ಶುಕ್ರವಾರ ಅದೇ ಸರ್ವರ್ ನಿಂತಿತ್ತು. ಅವನು ‘ನಮ್ಮ ಹಾಗೇ ಸರ್ವರ್‌ಗೂ ವೀಕೆಂಡ್ ರಜೆ ಬೇಕಂತೆ, ಮೂರನೇ ವಾರ!’ ಎಂಬರ್ಥದ ಸಾಲು ಬರೆದು ನಗುಮುಖ ಹಾಕಿದ್ದ. ದೋಷ ಆಗಲೇ ಸರಿಯಾಗಿತ್ತು, ಅವನ ಮನಸ್ಸಿನಲ್ಲಿ ಸ್ನೇಹವಲ್ಲದೆ ಬೇರೇನೂ ಇರಲಿಲ್ಲ. ಒಸಾಕಾದಲ್ಲಿ ಆಗ ರಾತ್ರಿ ಹತ್ತು ಗಂಟೆ. ಸೋಮವಾರ ಬೆಳಿಗ್ಗೆ ಉತ್ತರ ಬಂತು: ತಂಡದ ಮುಖ್ಯಸ್ಥರ ಕ್ಷಮಾಪಣೆ, ಜೊತೆಗೆ ಮೂರೂ ಘಟನೆಗಳ ಕಾರಣಗಳನ್ನು ವಿವರಿಸಿದ ಐದು ಪುಟದ ವರದಿ. ಮೂವರು ಶನಿವಾರ ಆಫೀಸಿಗೆ ಬಂದು ಅದನ್ನು ಬರೆದಿದ್ದರು. ಮೂರನೇ ವಾರ ಎಂದು ಲೆಕ್ಕವಿಟ್ಟು ಹೇಳಿದ್ದು ಅವರಿಗೆ ದೂರಾಗಿ ಕಂಡಿತ್ತು. ದೂರಿಗೆ ಉತ್ತರ ಕೊಡುವುದು ಕರ್ತವ್ಯ. ಆ ಹುಡುಗ ವರದಿಯನ್ನು ಓದಿ ತುಂಬ ನೊಂದುಕೊಂಡ. ಅವನು ಫೋನಿನಲ್ಲಿ ಆ ಮಾತು ಹೇಳಿದ್ದರೆ ಅವನ ನಗುವೇ ಎಲ್ಲವನ್ನೂ ತಿಳಿಸುತ್ತಿತ್ತು.

ಇಲ್ಲಿ ಗಡಿಯಾರದ ಪಾತ್ರ ದೊಡ್ಡದು. ಎದುರುಬದುರು ಕೂತು ಮಾತಾಡುವಾಗಲೂ ನಾವು ಎಡವುತ್ತೇವೆ, ಆದರೆ ಎದುರಿಗಿರುವವರ ಹುಬ್ಬು ಗಂಟಿಕ್ಕಿದ ಕೂಡಲೇ ‘ಅಯ್ಯೋ, ಹಾಗಲ್ಲ ರೀ’ ಎಂದು ತಿದ್ದಿಕೊಳ್ಳುತ್ತೇವೆ. ಆಫೀಸಿನೊಳಗಿನ ಮೇಲ್ ಆದರೆ ಹತ್ತು ನಿಮಿಷದಲ್ಲಿ ಯಾರಾದರೂ ನಮ್ಮ ಮೇಜಿನ ಬಳಿ ಬಂದು ಕೇಳುತ್ತಾರೆ. ಹನ್ನೆರಡು, ಹದಿಮೂರು ಗಂಟೆಗಳ ಅಂತರದಲ್ಲಿ ನಾವು ನಿದ್ದೆಯಲ್ಲಿರುವಾಗ ನಮ್ಮ ಮೇಲ್ ಓದಲ್ಪಡುತ್ತದೆ. ಓದಿದವರ ಮುಂದೆ ಎರಡೇ ದಾರಿ: ಪ್ರಶ್ನೆ ಕಳಿಸಿ ಒಂದು ದಿನ ಕಾಯುವುದು, ಅಥವಾ ತಿಳಿದಂತೆ ಮಾಡಿಬಿಡುವುದು. ಕೆಲಸದ ಒತ್ತಡ ಇರುವವರು ಎರಡನೆಯದನ್ನೇ ಆರಿಸುತ್ತಾರೆ. ನೋವಾದರೆ ಆ ನೋವಿಗೂ ಹನ್ನೆರಡು ಗಂಟೆ ಹೆಪ್ಪುಗಟ್ಟಲು ಸಮಯ ಸಿಗುತ್ತದೆ. ಸ್ಯಾನ್ ಹೋಸೆಯ ಶುಕ್ರವಾರ ಸಂಜೆ ಎಂದರೆ ನಮ್ಮ ಶನಿವಾರ ಬೆಳಿಗ್ಗೆ. ಆ ಹೊತ್ತಿಗೆ ಬಂದ ಖಾರದ ಮಾತನ್ನು ಎರಡು ದಿನ ಮನೆಯಲ್ಲಿ ಇಟ್ಟುಕೊಂಡೇ ಇರಬೇಕು.

ಕಾಲದ ಮಾತುಗಳಲ್ಲೇ ಎಷ್ಟು ನುಡಿಗಟ್ಟುಗಳಿವೆ ಎನ್ನುವುದನ್ನೂ ನಾನು ತಡವಾಗಿ ಗಮನಿಸಿದೆ. ಇಓಡಿ ಎಂದರೆ ದಿನದ ಕೊನೆ, ಆದರೆ ಯಾರ ದಿನ? 04/05 ಎಂದರೆ ನಮಗೆ ಮೇ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಐದು. ‘ಹಾಫ್ ಏಯ್ಟ್’ ಎಂದರೆ ಬ್ರಿಟಿಷರಿಗೆ ಎಂಟೂವರೆ. ಜರ್ಮನ್ ಮತ್ತು ಪೋಲಿಷ್ ಭಾಷೆಗಳಲ್ಲಿ ಅದೇ ರೀತಿ ಕೇಳುವ ಮಾತಿಗೆ ಏಳೂವರೆ, ಎಂಟರ ಕಡೆಗೆ ಅರ್ಧ ದಾರಿ ಬಂದಿದೆ ಎಂಬ ಲೆಕ್ಕ. ಸಾಲದ್ದಕ್ಕೆ ಅಮೆರಿಕದ ಬಹುಭಾಗ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಯುರೋಪು ಅದೇ ತಿಂಗಳ ಕೊನೆಯ ಭಾನುವಾರ, ನಾವು ತಿರುಗಿಸುವುದಿಲ್ಲ. ಮಾರ್ಚ್ ತಿಂಗಳಲ್ಲಿ ‘ಎಂದಿನ ಸಮಯಕ್ಕೆ’ ಎಂದು ಬರೆದ ಮೀಟಿಂಗಿಗೆ ಮೂರು ದೇಶದವರು ಒಂದೇ ಹೊತ್ತಿಗೆ ಬರುವುದಿಲ್ಲ.

ಹಾಗಾದರೆ ಹೇಗೆ ಬರೆಯುವುದು? ನಮಗೆ ಗೊತ್ತಿಲ್ಲದ ನುಡಿಗಟ್ಟನ್ನು ನಾವೇ ಹಿಡಿಯುವುದು ಹೇಗೆ ಎನ್ನುವುದೇ ಇಲ್ಲಿನ ಕಷ್ಟ. ನನಗೆ ಇದರ ದಾರಿ ಕಂಡದ್ದು ವಿಮಾನ ದುರಸ್ತಿಯ ಕೈಪಿಡಿಗಳಿಂದ. ಜಗತ್ತಿನಾದ್ಯಂತ ವಿಮಾನಗಳನ್ನು ದುರಸ್ತಿ ಮಾಡುವ ಬಹಳಷ್ಟು ಮಂದಿಗೆ ಇಂಗ್ಲಿಷ್ ತಾಯಿನುಡಿಯಲ್ಲ, ಕೈಪಿಡಿಗಳೋ ಇಂಗ್ಲಿಷಿನಲ್ಲಿ. ಅದಕ್ಕಾಗಿ ಯುರೋಪಿನ ವಿಮಾನೋದ್ಯಮ 1986ರಲ್ಲಿ ಸರಳ ಇಂಗ್ಲಿಷಿನ ನಿಯಮಗಳ ಮಾರ್ಗದರ್ಶಿಯೊಂದನ್ನು ತಂದಿತು. ಈಗ ಅದರ ಹೆಸರು `ASD-STE100`. ಅದರ ತಿರುಳು: ಒಂದು ಪದಕ್ಕೆ ಒಂದೇ ಅರ್ಥ. ಉದಾಹರಣೆಗೆ ‘ಫಾಲೋ’ ಎಂದರೆ ಅಲ್ಲಿ ಹಿಂದಿನಿಂದ ಬರುವುದು ಮಾತ್ರ. ಸೂಚನೆಯನ್ನು ಪಾಲಿಸಿ ಎನ್ನಲು ‘ಒಬೇ’ ಎಂದೇ ಬರೆಯಬೇಕು. ‘ಫಾಲ್’ ಎಂದರೆ ಭಾರದಿಂದ ಕೆಳಗೆ ಬೀಳುವುದು ಮಾತ್ರ, ಒತ್ತಡ ಇಳಿಯಿತು ಎನ್ನಲು ಆ ಪದ ಸಲ್ಲದು. ಕೆಲಸ ಹೇಳುವ ವಾಕ್ಯ ಇಪ್ಪತ್ತು ಪದ ಮೀರಬಾರದು.

ಸಹೋದ್ಯೋಗಿಗೆ ಬರೆಯುವ ಮೇಲ್ ದುರಸ್ತಿ ಕೈಪಿಡಿಯ ಹಾಗಿರಬೇಕಿಲ್ಲ. ಆದರೆ ಅಲ್ಲಿಂದ ನಾನೊಂದು ಅಭ್ಯಾಸ ಎತ್ತಿಕೊಂಡೆ. ಮೇಲ್ ಬರೆದ ಮೇಲೆ ಅದರ ಕ್ರಿಯಾಪದಗಳನ್ನು ಮಾತ್ರ ಒಂದೊಂದಾಗಿ ನೋಡುತ್ತೇನೆ. ಇದನ್ನು ಓದಿದವರ ಕೈ ಏನು ಮಾಡುತ್ತದೆ ಎಂದು ಕೇಳಿಕೊಳ್ಳುತ್ತೇನೆ. ರಿವರ್ಟ್ ಎಂದು ಓದಿದರೆ ಕೈ ಕೀಲಿಮಣೆಯ ಮೇಲೆ ಏನು ಒತ್ತುತ್ತದೆ? ಎರಡು ಉತ್ತರ ಹೊಳೆದರೆ ಪದ ಬದಲಿಸುತ್ತೇನೆ. ಆಮೇಲೆ ಗುಣ ಹೇಳುವ ಮಾತುಗಳು: ಸ್ವಲ್ಪ, ಬೇಗ, ಪರವಾಗಿಲ್ಲ, ಆಸಕ್ತಿಕರ. ಇವುಗಳ ಜಾಗದಲ್ಲಿ ಅಂಕಿ ಇಡಲು ಸಾಧ್ಯವಿದ್ದರೆ ಅಂಕಿ ಇಡುತ್ತೇನೆ.

ಮೊದಲು ಹೇಳಿದ ಮೇಲನ್ನೇ ಈಗ ಬರೆಯುವುದಾದರೆ ಹೀಗಿರುತ್ತದೆ. ಇಂಗ್ಲಿಷಿನಲ್ಲಿ ಕಳಿಸುವುದನ್ನೇ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ: ‘ಲಾಗಿನ್ ಬದಲಾವಣೆಗೆ ಧನ್ಯವಾದ. ಅದು ಸರಿಯಾಗಿ ಕೆಲಸ ಮಾಡುತ್ತಿದೆ, ಹಾಗೇ ಇರಲಿ. ನನ್ನದು ಒಂದು ಪ್ರಶ್ನೆ: ಬಳಕೆದಾರರನ್ನು ಹೊರಗೆ ಕಳಿಸುವುದು 15 ನಿಮಿಷದ ನಂತರವೋ, 30 ನಿಮಿಷದ ನಂತರವೋ? ದಯವಿಟ್ಟು ಇವತ್ತು, ಮಂಗಳವಾರ ಜನವರಿ 14, ಕ್ರಾಕೋವ್ ಸಮಯ ಸಂಜೆ 5ರೊಳಗೆ ಇದೇ ಮೇಲ್‌ಗೆ ಉತ್ತರ ಬರೆದು ಸ್ಯಾನ್ ಹೋಸೆ ತಂಡವನ್ನೂ ಸೇರಿಸಿ. ಅವರು ಒಂದು ಗಂಟೆಯ ನಂತರ ಪರೀಕ್ಷೆ ಶುರು ಮಾಡುತ್ತಾರೆ. ಉತ್ತರ ಸಿಗದಿದ್ದರೆ 15 ಎಂದು ಇಟ್ಟುಕೊಂಡು ಪರೀಕ್ಷಿಸುತ್ತಾರೆ.’

ಎರಡು ಸಾಲು ಆರಾಯಿತು. ಬರೆಯಲು ಮೂರು ನಿಮಿಷ ಹೆಚ್ಚು ಬೇಕು. ‘ಹಾಗೇ ಇರಲಿ’ ಎಂಬ ಮಾತು ನನಗೆ ಮೊದಲು ಅನಗತ್ಯ ಎನ್ನಿಸುತ್ತಿತ್ತು, ಈಗ ಅದೇ ಮುಖ್ಯ ಎನ್ನಿಸುತ್ತದೆ, ಏನು ಮಾಡಬೇಡಿ ಎನ್ನುವುದನ್ನೂ ಹೇಳುವುದರಿಂದ ತಪ್ಪು ಅರ್ಥದ ಬಾಗಿಲು ಮುಚ್ಚುತ್ತದೆ. ಕೊನೆಯ ಸಾಲು ಕಾಲದ ಅಂತರಕ್ಕಾಗಿ. ಉತ್ತರ ಬಾರದಿದ್ದರೂ ಕೆಲಸ ನಿಲ್ಲುವುದಿಲ್ಲ. ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಎನ್ನುವ ನಮ್ಮ ಕಚೇರಿಗಳ ಹಳೆಯ ಸಾಲು ಇಂಥ ಮೇಲ್‌ನಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ. ಏನು ಆಗಬೇಕೆಂದು ಹೇಳಿಯಾದ ಮೇಲೆ, ಆಗಬೇಕಾದ್ದನ್ನು ಮಾಡಿ ಎನ್ನುವ ಮಾತಿಗೆ ಕೆಲಸವಿಲ್ಲ.

ಬರೆಯುವುದರಷ್ಟೇ ಓದುವುದಕ್ಕೂ ಈ ಎಚ್ಚರ ಬೇಕು. ಜಪಾನಿನಿಂದ ‘ಪರಿಶೀಲಿಸುತ್ತೇವೆ’ ಎಂದು ಬಂದರೆ ಎಷ್ಟೋ ಸಲ ಅದು ಸೌಜನ್ಯದ ನಿರಾಕರಣೆ. ನಮಗೆ ಇದು ಹೊಸದಲ್ಲ, ಮನೆಗೆ ಬಂದ ಸಂಬಂಧಿಕರ ಕೋರಿಕೆಗೆ ನಾವು ‘ನೋಡೋಣ’ ಎನ್ನುವಾಗ ಹೇಳುವುದೂ ಇದನ್ನೇ. ಜರ್ಮನಿಯಿಂದ ‘ಇದು ತಪ್ಪು’ ಎಂದು ಎರಡೇ ಪದ ಬಂದರೆ ಹೆಚ್ಚಿನ ಸಲ ಅದರಲ್ಲಿ ಕೋಪವಿರುವುದಿಲ್ಲ, ತಪ್ಪು ಎಲ್ಲಿದೆ ಎಂಬ ಸುದ್ದಿ ಮಾತ್ರ ಇರುತ್ತದೆ. ಹಾಗೆಂದು ಜಪಾನಿನವರೆಲ್ಲ ಹೀಗೆ, ಜರ್ಮನ್ನರೆಲ್ಲ ಹಾಗೆ ಎಂದು ಪಟ್ಟಿ ಕಟ್ಟಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಧಾರವಾಡದವರ ಮಾತಿನ ಧಾಟಿಯನ್ನೇ ಮೈಸೂರಿನವರು ಸಿಟ್ಟೆಂದು ತಿಳಿಯುವುದಿದೆ, ಒಂದು ದೇಶವನ್ನು ಒಂದು ಸಾಲಿನಲ್ಲಿ ಹಿಡಿಯಲು ಆದೀತೇ? ಅನುಮಾನ ಬಂದಾಗ ಹೌದು-ಇಲ್ಲ ಎಂದು ಉತ್ತರಿಸಬಹುದಾದ ಒಂದು ಪ್ರಶ್ನೆ ಕೇಳುವುದು ಮೇಲು: ‘ಮಾರ್ಚ್ 20ರೊಳಗೆ ಇದು ಆಗುವುದಿಲ್ಲ ಎಂದು ಯೋಜನೆ ಮಾಡಿಕೊಳ್ಳಲೇ?’

ಏನೋ ಕೆಟ್ಟಿದೆ ಎಂದು ತಿಳಿಸುವ ಗುರುತುಗಳೂ ಇವೆ. ಇಷ್ಟು ದಿನ ‘ಹಾಯ್’ ಎನ್ನುತ್ತಿದ್ದವರು ಒಮ್ಮೆಲೇ ‘ಡಿಯರ್ ಮಿಸ್’ ಎಂದು ಶುರು ಮಾಡಿದರೆ, ಮೂರು ಪ್ರಶ್ನೆ ಕೇಳಿದಾಗ ಒಂದಕ್ಕೇ ಉತ್ತರ ಬಂದರೆ, ಉತ್ತರದಲ್ಲಿ ಅವರ ಮ್ಯಾನೇಜರನ್ನು ಸೇರಿಸಿದ್ದರೆ, ನಾವು ತಮಾಷೆಯಾಗಿ ಹೇಳಿದ್ದಕ್ಕೆ ಅಂಕಿಅಂಶ ಸಹಿತ ವಿವರಣೆ ಬಂದರೆ, ನನ್ನ ಹಿಂದಿನ ಮೇಲನ್ನು ತೆರೆದು ಮತ್ತೆ ಓದುತ್ತೇನೆ. ಮತ್ತು ಆಗ ಇನ್ನೊಂದು ಮೇಲ್ ಬರೆಯುವುದಿಲ್ಲ. ಎರಡೂ ಕಡೆ ಎಚ್ಚರವಿರುವ ಹೊತ್ತು ನೋಡಿ ಫೋನ್ ಮಾಡುತ್ತೇನೆ. ಮೇಲ್‌ನಿಂದಾದ ಗಾಯಕ್ಕೆ ಮೇಲ್ ಹಚ್ಚಿದರೆ ಅದು ಮಾಯುವುದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಮಾಡಿದರೆ ಮಾತು ಒಣಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನನ್ನ ಅನುಭವ ಬೇರೆ. ‘ನೀವು ಶನಿವಾರ ಕೂತು ಇದನ್ನು ಸರಿಮಾಡಿದ್ದರಿಂದ ನಮಗೆ ಎರಡು ದಿನ ಉಳಿಯಿತು’ ಎಂಬ ಸಾದಾ ವಾಕ್ಯ ಯಾವ ಭಾಷೆಗೆ ಹೋದರೂ ಬೆಚ್ಚಗೇ ಇರುತ್ತದೆ. ಹಾಸ್ಯಕ್ಕೂ ಜಾಗವಿದೆ, ಅದು ದನಿ ಇರುವ ಕಡೆ.

ಆ ಬುಧವಾರ ಮಧ್ಯಾಹ್ನ ಕ್ರಾಕೋವ್‌ನವರಿಗೆ ಫೋನ್ ಮಾಡಿದ್ದೆ. ನಮ್ಮಲ್ಲಿ ರಿವರ್ಟ್ ಎಂದರೆ ಏನು ಎಂದು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಜೋರಾಗಿ ನಕ್ಕರು. ಇಡೀ ಮಂಗಳವಾರ ಸಂಜೆ ತನ್ನ ಕೋಡಿನಲ್ಲಿ ತಪ್ಪು ಹುಡುಕುತ್ತಿದ್ದೆ ಎಂದರು. ಮರಳಿ ಸೇರಿಸುವುದು ಕಷ್ಟವೇ ಎಂದು ಕೇಳಿದ್ದಕ್ಕೆ ಪೋಲಿಷ್‌ನಲ್ಲಿ ಏನೋ ಹೇಳಿ, ಬೆಣ್ಣೆ ಹಚ್ಚಿದ ಬನ್ನು ಎಂದು ಇಂಗ್ಲಿಷಿನಲ್ಲಿ ಬಿಡಿಸಿದರು. ಅವರಲ್ಲಿ ತೀರ ಸುಲಭದ ಕೆಲಸಕ್ಕೆ ಹಾಗೆನ್ನುತ್ತಾರಂತೆ. ನಮ್ಮಲ್ಲಿ ನೀರು ಕುಡಿದಷ್ಟು ಸುಲಭ ಎನ್ನುತ್ತೇವೆ ಎಂದೆ. ಅದನ್ನು ಕನ್ನಡದಲ್ಲೇ ಹೇಳಲು ಎರಡು ಸಲ ಪ್ರಯತ್ನಿಸಿದರು. ಫೋನ್ ಇಟ್ಟ ಐದು ನಿಮಿಷಕ್ಕೆ ಅವರಿಂದ ಎಲ್ಲರಿಗೂ ಮೇಲ್ ಬಂತು. ಅದರಲ್ಲಿ ಬನ್ನೂ ಇರಲಿಲ್ಲ, ನೀರೂ ಇರಲಿಲ್ಲ: ‘ಬದಲಾವಣೆಯನ್ನು ಮತ್ತೆ ಸೇರಿಸುತ್ತಿದ್ದೇನೆ. 20 ನಿಮಿಷ ಬೇಕು. ಮುಗಿದಾಗ ಬರೆಯುತ್ತೇನೆ. ಹೊರಗೆ ಕಳಿಸುವ ಸಮಯ: 15 ನಿಮಿಷ.’